ಸೇಲ್‌ನ ಕರಪತ್ರ: ಹಾಸಿಗೆಯ ಆರಾಮ, ವಾರಂಟಿಯ ಲೆಕ್ಕ

ಯುಗಾದಿ, ದಸರಾ, ದೀಪಾವಳಿ ಹತ್ತಿರ ಬಂದಾಗ ಪೀಠೋಪಕರಣ ಮತ್ತು ಹಾಸಿಗೆ ಅಂಗಡಿಗಳು ‘ಮನೆಗೆ ಹೊಸ ರೂಪ’ ಎನ್ನುವಂಥ ಹೆಸರಿಟ್ಟು ರಿಯಾಯಿತಿ ಮಾರಾಟ ನಡೆಸುತ್ತವೆ. ಈ ಸೇಲ್‌ಗೆಂದು ಬರೆಯುವ ಕರಪತ್ರ, ಪತ್ರಿಕೆಯ ಜಾಹೀರಾತು ಮತ್ತು ಅಂಗಡಿಯ ಫಲಕ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಮಾತಿರುತ್ತದೆ. ಸೀರೆಯನ್ನು ಮುಟ್ಟಿ ನೋಡಬಹುದು, ಪಾತ್ರೆಯನ್ನು ತಟ್ಟಿ ನೋಡಬಹುದು. ಹಾಸಿಗೆಯ ಒಳಗಿರುವುದು ಮಾತ್ರ ಹೊಲಿದ ಬಟ್ಟೆಯ ಹಿಂದೆ ಅಡಗಿರುತ್ತದೆ. ಅದರ ದೋಷ ತಿಳಿಯುವುದು ಎರಡು ಮೂರು ವರ್ಷ ಮಲಗಿದ ಮೇಲೆ. ಹೀಗಾಗಿ ಕೊಳ್ಳುವವರು ಬಹುಪಾಲು ನಂಬುವುದು ಬರೆದ ಮಾತನ್ನೇ, ಅದರಲ್ಲೂ ಆರಾಮ ಮತ್ತು ವಾರಂಟಿಯ ಬಗೆಗಿನ ಮಾತನ್ನು. ದೊಡ್ಡ ಪದಗಳು ಹೆಚ್ಚಾಗಿ ಬಂದು ಕೂರುವುದೂ ಈ ಎರಡು ಜಾಗಗಳಲ್ಲೇ.

ಊರಿನ ಯಾವ ಅಂಗಡಿಯದ್ದಾದರೂ ಆಗಬಹುದಾದ ಒಂದು ಜಾಹೀರಾತನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು:

“ಸ್ವರ್ಗಸುಖದ ನಿದ್ರೆ! ಅತ್ಯುನ್ನತ ಗುಣಮಟ್ಟದ ಹೈ ಡೆನ್ಸಿಟಿ ಆರ್ಥೋಪೆಡಿಕ್ ಹಾಸಿಗೆ. ಬೆನ್ನುನೋವಿಗೆ ವಿದಾಯ. 10 ವರ್ಷ ವಾರಂಟಿ. ಶೇ. 50ರವರೆಗೆ ರಿಯಾಯಿತಿ. ಷರತ್ತುಗಳು ಅನ್ವಯ.”

ಇದರಲ್ಲಿ ನೇರವಾದ ಸುಳ್ಳು ಇಲ್ಲದಿರಬಹುದು. ಆದರೆ ಓದಿದವರಿಗೆ ಹಾಸಿಗೆಯ ಬಗ್ಗೆ ತಿಳಿದದ್ದೂ ಏನಿಲ್ಲ. ಒಳಗೇನಿದೆ, ಗಟ್ಟಿಯೋ ಮೆತ್ತಗೋ, ಎಷ್ಟು ಗುಂಡಿ ಬಿದ್ದರೆ ಬದಲಿಸಿ ಕೊಡುತ್ತಾರೆ, ಕೊನೆಗೆ ಕೈಯಿಂದ ಎಷ್ಟು ಹಣ ಕೊಡಬೇಕು ಎಂಬ ಯಾವ ಪ್ರಶ್ನೆಗೂ ಉತ್ತರವಿಲ್ಲ. ಇದೇ ಜಾಹೀರಾತನ್ನು ಒಂದೊಂದು ಮಾತಾಗಿ ಬಿಡಿಸಿ ನೋಡಿದರೆ, ಅದೇ ಜಾಗದಲ್ಲಿ ಬರೆಯಬೇಕಾದ ಮಾತು ಯಾವುದು ಎಂಬುದು ತಿಳಿಯುತ್ತದೆ.

ಆರಾಮವನ್ನು ಬರೆಯುವ ಬಗೆ

‘ಸ್ವರ್ಗಸುಖ’, ‘ಅತ್ಯುನ್ನತ ಗುಣಮಟ್ಟ’ ಎಂಬ ಮಾತುಗಳನ್ನು ಯಾರೂ ಸುಳ್ಳೆಂದು ತೋರಿಸಲಾರರು, ನಿಜವೆಂದೂ ತೋರಿಸಲಾರರು. ಅವು ಪಕ್ಕದ ಅಂಗಡಿಯ ಹಾಸಿಗೆಗೂ ಅಷ್ಟೇ ಹೊಂದುತ್ತವೆ. ಒಂದು ವಾಕ್ಯ ಪ್ರಯೋಜನದ್ದೋ ಅಲ್ಲವೋ ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ. ಕೊಳ್ಳುವವರು ಅಂಗಡಿಯಲ್ಲಿ ನಿಂತು ಆ ವಾಕ್ಯ ಹೌದೋ ಅಲ್ಲವೋ ಎಂದು ನೋಡಿಕೊಳ್ಳಲು ಆಗಬೇಕು.

ಆರಾಮ ಎಂಬುದು ಮಲಗಿದವರ ಅನುಭವ. ಅದನ್ನು ಉಂಟುಮಾಡುವುದು ಪದರಗಳು. ಈಗ ಮಾರಾಟವಾಗುವ ಹಾಸಿಗೆಗಳಲ್ಲಿ ಸಾಮಾನ್ಯವಾಗಿ ಕೆಳಗೊಂದು ಆಧಾರದ ಪದರ, ಮೇಲೊಂದು ಮೆತ್ತನೆಯ ಪದರ ಇರುತ್ತದೆ. ಆಧಾರಕ್ಕೆ ರಬ್ಬರ್ ಹಾಕಿದ ತೆಂಗಿನ ನಾರು, ಸ್ಪ್ರಿಂಗ್ ಅಥವಾ ರೀಬಾಂಡೆಡ್ ಫೋಮ್ ಬಳಸುತ್ತಾರೆ. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಗಟ್ಟಿ ಹಲಗೆಯೇ ರೀಬಾಂಡೆಡ್. ಮೇಲಿನ ಪದರಕ್ಕೆ ಸಾದಾ ಪಿಯು ಫೋಮ್, ಮೆಮೊರಿ ಫೋಮ್ ಅಥವಾ ಲೇಟೆಕ್ಸ್ ಬರುತ್ತದೆ. ಯಾವ ಪದರ ಎಷ್ಟು ಇಂಚು ಎಂದು ಬರೆದರೆ ಅರ್ಧ ವಿವರಣೆ ಮುಗಿದಂತೆ. ‘6 ಇಂಚಿನ ಮೆಮೊರಿ ಫೋಮ್ ಹಾಸಿಗೆ’ ಎಂದು ದೊಡ್ಡದಾಗಿ ಬರೆದಿರುವ ಎಷ್ಟೋ ಹಾಸಿಗೆಗಳಲ್ಲಿ ಮೆಮೊರಿ ಫೋಮ್ ಇರುವುದು ಮೇಲಿನ ಒಂದಿಂಚು ಮಾತ್ರ. ಉಳಿದ ಐದಿಂಚು ಬೇರೆ ಫೋಮ್. ಅದು ಕೆಟ್ಟ ಹಾಸಿಗೆ ಎಂದೇನಲ್ಲ, ಆದರೆ ಬರೆದ ಮಾತು ಆ ಹಾಸಿಗೆಯದ್ದಲ್ಲ.

ಇನ್ನು ‘ಹೈ ಡೆನ್ಸಿಟಿ’. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ವ್ಯಾಪಾರದಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂದು ಸಂಖ್ಯೆಯನ್ನು ಮಾತ್ರ ಹೇಳುತ್ತಾರೆ. ಡೆನ್ಸಿಟಿ ಹೆಚ್ಚಿದ್ದಷ್ಟೂ ಅದೇ ಗಾತ್ರದಲ್ಲಿ ಹೆಚ್ಚು ಸಾಮಗ್ರಿ ಇರುತ್ತದೆ, ಹಾಗಾಗಿ ಒಂದೇ ಜಾತಿಯ ಎರಡು ಫೋಮ್‌ಗಳಲ್ಲಿ ಡೆನ್ಸಿಟಿ ಹೆಚ್ಚಿರುವುದು ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ. ಆದರೆ ಡೆನ್ಸಿಟಿಗೂ ಗಟ್ಟಿತನಕ್ಕೂ ನೇರ ಸಂಬಂಧವಿಲ್ಲ. 32 ಡೆನ್ಸಿಟಿಯ ಫೋಮನ್ನು ಮೆತ್ತಗೂ ತಯಾರಿಸಬಹುದು, ಗಟ್ಟಿಯಾಗಿಯೂ ತಯಾರಿಸಬಹುದು. 50 ಡೆನ್ಸಿಟಿಯ ಮೆಮೊರಿ ಫೋಮ್ ಕೈ ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಿರುತ್ತದೆ. ಗಟ್ಟಿತನಕ್ಕೆ ಬೇರೆಯದೇ ಪರೀಕ್ಷೆಯಿದೆ. ಸುಮಾರು 20 ಸೆಂ.ಮೀ. ಅಗಲದ ದುಂಡು ತಟ್ಟೆಯನ್ನು ಫೋಮಿನ ಮೇಲಿಟ್ಟು, ಅದರ ದಪ್ಪದ ಕಾಲು ಭಾಗ ಒತ್ತಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ಕರಪತ್ರದಲ್ಲಿ ಈ ಬಲದ ಅಂಕಿ ಬೇಕಿಲ್ಲ. ಡೆನ್ಸಿಟಿಯನ್ನು ಬಾಳಿಕೆಯ ಮಾತಾಗಿ ಮತ್ತು ಗಟ್ಟಿತನವನ್ನು ಮಲಗುವ ಅನುಭವದ ಮಾತಾಗಿ ಬೇರೆ ಬೇರೆ ಬರೆದರೆ ಸಾಕು.

ಗಟ್ಟಿತನವನ್ನು ಬರೆಯುವಾಗ ‘ಮೆತ್ತಗೆ’, ‘ಮಧ್ಯಮ’, ‘ಗಟ್ಟಿ’ ಎಂಬ ಮೂರು ಮಾತು ಸಾಕಾಗುತ್ತವೆ. ಆದರೆ ಅವು ಯಾರಿಗೆ ಎಂಬುದನ್ನೂ ಹೇಳಬೇಕು. 50 ಕಿಲೋ ತೂಕದವರಿಗೆ ಗಟ್ಟಿ ಎನಿಸುವ ಹಾಸಿಗೆ 90 ಕಿಲೋ ತೂಕದವರಿಗೆ ಮಧ್ಯಮ ಎನಿಸುತ್ತದೆ. ಮೇಲಿನ ಮೆತ್ತನೆಯ ಪದರ ಎರಡೇ ಇಂಚು ಇದ್ದರೆ, ಭಾರದವರು ಪಕ್ಕಕ್ಕೆ ತಿರುಗಿ ಮಲಗಿದಾಗ ಅವರ ಭುಜ, ಸೊಂಟದ ಕೆಳಗೆ ಆ ಪದರ ಪೂರ್ತಿ ಅಮುಕಿ ಕೆಳಗಿನ ಗಟ್ಟಿ ಪದರ ಒತ್ತತೊಡಗುತ್ತದೆ. ‘ಅಂಗಾತ ಮಲಗುವವರಿಗೆ ಹೊಂದುತ್ತದೆ, ತೂಕ ಹೆಚ್ಚಿದ್ದು ಪಕ್ಕಕ್ಕೆ ಮಲಗುವವರು ಮೊದಲು ಮಲಗಿ ನೋಡಿ’ ಎಂಬ ವಾಕ್ಯವೊಂದು ಕರಪತ್ರದಲ್ಲಿದ್ದರೆ ಮಾರಾಟಕ್ಕೆ ನಷ್ಟವಿಲ್ಲ, ಹಾಸಿಗೆ ವಾಪಸ್ ಬರುವುದು ಕಡಿಮೆಯಾಗುತ್ತದೆ.

ಹವೆಯ ಮಾತೂ ಆರಾಮಕ್ಕೆ ಸೇರಿದ್ದೇ. ಮೆಮೊರಿ ಫೋಮ್ ಶಾಖಕ್ಕೆ ಮೆತ್ತಗಾಗಿ ಚಳಿಗೆ ಬಿಗಿಯುವ ವಸ್ತು. ಡಿಸೆಂಬರ್‌ನಲ್ಲಿ ಮಡಿಕೇರಿಯ ಮನೆಯಲ್ಲಿ ಅದು ಮೊದಲ ಕೆಲವು ನಿಮಿಷ ಗಟ್ಟಿಯಾಗಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮೈ ಆಳಕ್ಕೆ ಇಳಿದು, ಸುತ್ತ ಗಾಳಿ ಆಡದೆ ಸೆಕೆ ಎನಿಸುತ್ತದೆ. ತೆಂಗಿನ ನಾರು ಮತ್ತು ಸ್ಪ್ರಿಂಗ್‌ನಲ್ಲಿ ಗಾಳಿ ಹೆಚ್ಚು ಆಡುತ್ತದೆ. ‘ತಂಪು ನೀಡುವ ತಂತ್ರಜ್ಞಾನ’ ಎಂದು ಬರೆಯುವವರು ಆ ತಂಪು ಎಲ್ಲಿಂದ ಬರುತ್ತದೆ ಎಂಬುದನ್ನು, ಅಂದರೆ ಹೊದಿಕೆಯ ಬಟ್ಟೆಯಿಂದಲೋ, ರಂಧ್ರವಿರುವ ಲೇಟೆಕ್ಸಿನಿಂದಲೋ ಎಂಬುದನ್ನು ಒಂದು ಮಾತಿನಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಆ ಸಾಲನ್ನು ಬಿಡುವುದೇ ಸರಿ.

ತಕ್ಕಡಿಯ ಪರೀಕ್ಷೆ

ಡೆನ್ಸಿಟಿಯನ್ನು ಕಣ್ಣಿಂದ ನೋಡಲಾಗದು, ತೂಕ ಹಾಕಿ ನೋಡಬಹುದು. ಬರೆಯುವವರಿಗೂ ಕೊಳ್ಳುವವರಿಗೂ ಉಪಯೋಗಕ್ಕೆ ಬರುವ ಲೆಕ್ಕ ಇದು. ಇಬ್ಬರು ಮಲಗುವ ಕ್ವೀನ್ ಸೈಜ್ ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ ಇರುತ್ತದೆ. ಆರು ಇಂಚು ದಪ್ಪವಿದ್ದರೆ ಅದರ ಗಾತ್ರ ಸುಮಾರು 0.46 ಘನ ಮೀಟರ್. ಉದಾಹರಣೆಯ ಹಾಸಿಗೆಯಲ್ಲಿ ಕೆಳಗೆ ನಾಲ್ಕು ಇಂಚು 80 ಡೆನ್ಸಿಟಿಯ ರೀಬಾಂಡೆಡ್, ಮೇಲೆ ಎರಡು ಇಂಚು 32 ಡೆನ್ಸಿಟಿಯ ಮೆತ್ತನೆ ಫೋಮ್ ಇದೆ ಎಂದುಕೊಳ್ಳೋಣ. ಕೆಳಗಿನ ಪದರ ಸುಮಾರು 24.5 ಕಿಲೋ, ಮೇಲಿನದು ಸುಮಾರು 5 ಕಿಲೋ ತೂಗುತ್ತದೆ. ಹೊದಿಕೆಯೂ ಸೇರಿ ಇಡೀ ಹಾಸಿಗೆ 30 ಕಿಲೋ ದಾಟಬೇಕು.

ಅಂಥ ಹಾಸಿಗೆ ತಕ್ಕಡಿಯಲ್ಲಿ 24 ಕಿಲೋ ಮಾತ್ರ ತೂಗಿದರೆ, ರೀಬಾಂಡೆಡ್ ಪದರ 80ರದ್ದಲ್ಲ, ಸುಮಾರು 60ರದ್ದು ಎಂದಾಗುತ್ತದೆ. ಇಲ್ಲವೇ ದಪ್ಪ ಕಡಿಮೆಯಿದೆ. ಒಂದೆರಡು ಕಿಲೋ ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ, ಏಕೆಂದರೆ ಹೊದಿಕೆ, ಅಂಟು, ಕತ್ತರಿಸುವಾಗಿನ ವ್ಯತ್ಯಾಸ ಇದ್ದೇ ಇರುತ್ತದೆ. ಈ ಪರೀಕ್ಷೆಗೆ ಒಂದು ಮಿತಿಯೂ ಇದೆ. ಕೆಲವು ಫೋಮ್‌ಗಳಿಗೆ ತಯಾರಿಸುವಾಗಲೇ ಕ್ಯಾಲ್ಸಿಯಂ ಕಾರ್ಬೊನೇಟಿನಂಥ ಸುಣ್ಣದ ಪುಡಿ ಬೆರೆಸಿ ತೂಕ ಏರಿಸುತ್ತಾರೆ. ಅಂಥ ಫೋಮ್ ತಕ್ಕಡಿಯಲ್ಲಿ ಗೆಲ್ಲುತ್ತದೆ, ಬಾಳಿಕೆಯಲ್ಲಿ ಸೋಲುತ್ತದೆ. ತೂಕ ಕಡಿಮೆ ಬಂದರೆ ಬರೆದ ಮಾತು ತಪ್ಪೆಂದು ಖಚಿತವಾಗಿ ಹೇಳಬಹುದು. ತೂಕ ಸರಿ ಬಂದ ಮಾತ್ರಕ್ಕೆ ಹಾಸಿಗೆ ಒಳ್ಳೆಯದೆಂದು ಹೇಳಲಾಗದು. ಹಾಗಿದ್ದರೂ ಕರಪತ್ರದಲ್ಲಿ ಪದರ, ಡೆನ್ಸಿಟಿ ಮತ್ತು ಒಟ್ಟು ತೂಕ ಮೂರನ್ನೂ ಬರೆಯುವ ಅಂಗಡಿ ತನ್ನ ಮಾತನ್ನು ಪರೀಕ್ಷೆಗೆ ಒಡ್ಡಿದಂತಾಗುತ್ತದೆ.

ಬೆನ್ನುನೋವಿನ ಮಾತು

‘ಬೆನ್ನುನೋವಿಗೆ ವಿದಾಯ’ ಎಂಬುದು ಹೊಗಳಿಕೆಯಲ್ಲ, ಆರೋಗ್ಯದ ಬಗ್ಗೆ ಕೊಟ್ಟ ಭರವಸೆ. ಅದಕ್ಕೆ ಆಧಾರ ಬೇಕು. ‘ಆರ್ಥೋಪೆಡಿಕ್’ ಎಂಬ ಪದ ನಮ್ಮ ಮಾರುಕಟ್ಟೆಯಲ್ಲಿ ಬಹುಮಟ್ಟಿಗೆ ‘ಗಟ್ಟಿ ಹಾಸಿಗೆ’ ಎಂಬ ಅರ್ಥದಲ್ಲೇ ಬಳಕೆಯಲ್ಲಿದೆ. ಬೆನ್ನುನೋವಿದ್ದವರು ಆದಷ್ಟು ಗಟ್ಟಿಯಾದುದರ ಮೇಲೆ ಮಲಗಬೇಕು ಎಂಬ ನಂಬಿಕೆಯೂ ಹಳೆಯದು. ಈ ನಂಬಿಕೆಯನ್ನು ಸ್ಪೇನಿನ ಸಂಶೋಧಕರು ಪರೀಕ್ಷಿಸಿ, 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಕಾಲದಿಂದ ಸೊಂಟನೋವಿದ್ದ 313 ವಯಸ್ಕರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಡಲಾಗಿತ್ತು. ಮೂರು ತಿಂಗಳ ನಂತರ ಹೆಚ್ಚು ಸುಧಾರಣೆ ಕಂಡದ್ದು ಮಧ್ಯಮ ಗಟ್ಟಿಯ ಹಾಸಿಗೆಯವರಲ್ಲಿ.

ಇದರಿಂದ ಮಧ್ಯಮ ಹಾಸಿಗೆ ಬೆನ್ನುನೋವನ್ನು ಗುಣಪಡಿಸುತ್ತದೆ ಎಂದು ಬರೆಯಲು ಬರುವುದಿಲ್ಲ. ಆ ಅಧ್ಯಯನ ಹೇಳಿದ್ದು ಎರಡು ಬಗೆಯ ಹಾಸಿಗೆಗಳ ಹೋಲಿಕೆಯನ್ನು ಮಾತ್ರ, ಅದೂ ನಿರ್ದಿಷ್ಟ ಕಾರಣ ಕಾಣದ ಸೊಂಟನೋವಿನವರಲ್ಲಿ. ಅಂಗಡಿಯವರು ಬರೆಯಬಹುದಾದದ್ದು ಇಷ್ಟು: ‘ಮಧ್ಯಮ ಗಟ್ಟಿ. ಬೆನ್ನಿಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳಿ ಆರಿಸಿಕೊಳ್ಳಿ.’ ‘ವೈದ್ಯರ ಶಿಫಾರಸು’ ಎಂದು ಬರೆದರೆ ಯಾವ ವೈದ್ಯರು, ಯಾವ ಪರೀಕ್ಷೆಯ ಮೇಲೆ ಎಂದು ಕೇಳಿದಾಗ ತೋರಿಸಲು ಕಾಗದವಿರಬೇಕು.

10 ವರ್ಷ ವಾರಂಟಿ ಎಂದರೆ ಎಷ್ಟು

ವಾರಂಟಿಯಲ್ಲಿ ಜನರ ಕಣ್ಣಿಗೆ ಬೀಳುವುದು ವರ್ಷಗಳ ಸಂಖ್ಯೆ. ಆದರೆ ವಾರಂಟಿಯ ಬೆಲೆ ನಿರ್ಧಾರವಾಗುವುದು ಬೇರೆ ಎರಡು ಸಂಗತಿಗಳಿಂದ: ಯಾವುದನ್ನು ದೋಷವೆಂದು ಒಪ್ಪುತ್ತಾರೆ ಮತ್ತು ಒಪ್ಪಿದ ಮೇಲೆ ಗ್ರಾಹಕರು ಎಷ್ಟು ಕೊಡಬೇಕು.

ಹಾಸಿಗೆಯಲ್ಲಿ ಮುಖ್ಯ ದೂರು ಒಂದೇ, ಗುಂಡಿ ಬೀಳುವುದು. ಎಲ್ಲ ಫೋಮೂ ಬಳಸುತ್ತ ಹೋದಂತೆ ಸ್ವಲ್ಪ ಅಮುಕುತ್ತದೆ. ಹಾಗಾಗಿ ವಾರಂಟಿ ಕಾರ್ಡುಗಳಲ್ಲಿ ಒಂದು ಮಿತಿ ಇಟ್ಟಿರುತ್ತಾರೆ. ಕೆಲವರಲ್ಲಿ ಅದು ಒಂದು ಇಂಚು, ಕೆಲವರಲ್ಲಿ ಒಂದೂವರೆ ಇಂಚು. ಅಳೆಯುವ ಕ್ರಮ ಸರಳ. ಹಾಸಿಗೆಯನ್ನು ಸಮತಟ್ಟಾದ ಹಲಗೆಯ ಮೇಲೆ ಹಾಕಿ, ಮೇಲೆ ಯಾವ ಭಾರವೂ ಇಲ್ಲದಂತೆ ಬಿಟ್ಟು, ಈ ಅಂಚಿನಿಂದ ಆ ಅಂಚಿಗೆ ನೇರವಾದ ಪಟ್ಟಿಯನ್ನಿಡಬೇಕು ಅಥವಾ ದಾರವನ್ನು ಬಿಗಿಯಾಗಿ ಹಿಡಿಯಬೇಕು. ದಾರದಿಂದ ಗುಂಡಿಯ ತಳಕ್ಕೆ ಸ್ಕೇಲಿನಿಂದ ಅಳೆದದ್ದೇ ಆಳ. ಭಾರವಿಲ್ಲದೆ ಅಳೆಯುವುದರಿಂದಲೇ ಅನೇಕ ದೂರುಗಳು ನಿಲ್ಲುವುದಿಲ್ಲ. ಫೋಮ್ ಮೃದುವಾಗಿ ಬಲ ಕಳೆದುಕೊಂಡಿದ್ದರೆ ಮಲಗಿದಾಗ ಮೈ ಕುಸಿಯುತ್ತದೆ, ಎದ್ದ ಮೇಲೆ ಮತ್ತೆ ಸಮತಟ್ಟಾಗಿ ಕಾಣುತ್ತದೆ. ಮಲಗಿದವರಿಗೆ ಅದು ಗುಂಡಿಯೇ ಆದರೂ ವಾರಂಟಿಯ ಲೆಕ್ಕದಲ್ಲಿ ಗುಂಡಿಯಲ್ಲ. ‘ಭಾರವಿಲ್ಲದಾಗ ಒಂದು ಇಂಚಿಗಿಂತ ಹೆಚ್ಚು ಗುಂಡಿ ಬಿದ್ದರೆ’ ಎಂದು ಕರಪತ್ರದಲ್ಲೇ ಬರೆದರೆ ಮುಂದಿನ ಜಗಳದ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು ಹಣದ ಲೆಕ್ಕ. ದೀರ್ಘ ವಾರಂಟಿಗಳಲ್ಲಿ ಮೊದಲ ಕೆಲವು ವರ್ಷ ಪೂರ್ತಿ ಉಚಿತವಾಗಿ ಬದಲಿಸಿ ಕೊಡುವುದು, ಆಮೇಲೆ ಬಳಸಿದ ವರ್ಷಗಳಿಗೆ ಅನುಗುಣವಾಗಿ ಗ್ರಾಹಕರಿಂದ ಒಂದು ಪಾಲು ಪಡೆಯುವುದು ಸಾಮಾನ್ಯ ಪದ್ಧತಿ. ಇದನ್ನು ‘ಪ್ರೊ ರೇಟಾ’ ಎನ್ನುತ್ತಾರೆ. ಉದಾಹರಣೆಯ ಹಾಸಿಗೆಯ ಎಂಆರ್‌ಪಿ ₹24,000. ಸೇಲ್‌ನಲ್ಲಿ ಶೇ. 30 ಕಳೆದು ₹16,800ಕ್ಕೆ ಸಿಗುತ್ತದೆ. ವಾರಂಟಿ 10 ವರ್ಷ: ಮೊದಲ ಮೂರು ವರ್ಷ ಉಚಿತ ಬದಲಾವಣೆ, ಅನಂತರ ಮುಗಿದ ಪ್ರತಿ ವರ್ಷಕ್ಕೆ ಎಂಆರ್‌ಪಿಯ ಶೇ. 10ರಂತೆ ಗ್ರಾಹಕರ ಪಾಲು.

ಈಗ ಲೆಕ್ಕ ಹಾಕಬಹುದು. ನಾಲ್ಕನೆಯ ವರ್ಷದಲ್ಲಿ ಹಾಸಿಗೆ ಕೆಟ್ಟರೆ ಮುಗಿದ ವರ್ಷ ಮೂರು, ಗ್ರಾಹಕರ ಪಾಲು ₹7,200. ಆರನೆಯ ವರ್ಷದಲ್ಲಿ ₹12,000. ಎಂಟನೆಯ ವರ್ಷದಲ್ಲಿ ಏಳು ವರ್ಷ ಮುಗಿದಿರುತ್ತದೆ, ಪಾಲು ₹16,800. ಎಂಆರ್‌ಪಿ ಏರಿರದಿದ್ದರೆ, ಅದೇ ಹಣಕ್ಕೆ ಯಾವ ವಾರಂಟಿ ಕಾರ್ಡೂ ಇಲ್ಲದೆ ಅಂದಿನ ಸೇಲ್‌ನಲ್ಲಿ ಹೊಸ ಹಾಸಿಗೆಯೇ ಸಿಗುತ್ತದೆ. ಒಂಬತ್ತನೆಯ ವರ್ಷದಲ್ಲಿ ವಾರಂಟಿಯ ಮೂಲಕ ಬದಲಿಸಿಕೊಳ್ಳಲು ₹19,200 ಬೇಕು, ಅದು ಸೇಲ್ ಬೆಲೆಗಿಂತ ಹೆಚ್ಚು. ಪಾಲನ್ನು ಎಂಆರ್‌ಪಿಯ ಮೇಲೆ ಲೆಕ್ಕ ಹಾಕುವುದು, ಮಾರುವುದು ರಿಯಾಯಿತಿ ಬೆಲೆಗೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಹಾಗಾಗಿ ಕಾಗದದ ಮೇಲೆ 10 ವರ್ಷವಿದ್ದ ವಾರಂಟಿ ಮೂರು ವರ್ಷ ಪೂರ್ತಿಯಾಗಿ, ಮುಂದಿನ ನಾಲ್ಕು ವರ್ಷ ಕರಗುತ್ತ, ಕೊನೆಯ ಮೂರು ವರ್ಷ ಹೆಸರಿಗೆ ಮಾತ್ರ ಉಳಿಯುತ್ತದೆ. ಐದು ವರ್ಷ ಪೂರ್ತಿ ಉಚಿತ ಬದಲಾವಣೆ ಕೊಡುವ ಇನ್ನೊಂದು ಹಾಸಿಗೆಯ ವಾರಂಟಿ ಇದಕ್ಕಿಂತ ಮೇಲಾಗಬಹುದು, ಆದರೆ ಫಲಕದಲ್ಲಿ ‘5’ ಎಂಬ ಅಂಕಿ ‘10’ರ ಮುಂದೆ ಸೋಲುತ್ತದೆ. ಪ್ರಾಮಾಣಿಕವಾಗಿ ಬರೆಯುವವರು ಎರಡು ಅಂಕಿಗಳನ್ನೂ ಒಟ್ಟಿಗೆ, ಒಂದೇ ಗಾತ್ರದ ಅಕ್ಷರದಲ್ಲಿ ಕೊಡಬೇಕು: ‘3 ವರ್ಷ ಉಚಿತ ಬದಲಾವಣೆ, 4ರಿಂದ 10ನೇ ವರ್ಷದವರೆಗೆ ಪಾಲು ಕೊಟ್ಟು ಬದಲಾವಣೆ.’

ವಾರಂಟಿ ಎಲ್ಲಿ ಕೈಕೊಡುತ್ತದೆ

ದೂರು ತಿರಸ್ಕಾರವಾಗುವುದಕ್ಕೆ ಸಾಮಾನ್ಯ ಕಾರಣಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೊದಲನೆಯದು ಮಂಚ. ಫೋಮ್ ಮತ್ತು ನಾರಿನ ಹಾಸಿಗೆಗಳಿಗೆ ಕೆಳಗೆ ಸಮತಟ್ಟಾದ ಆಧಾರ ಬೇಕು. ನವಾರು ಮಂಚದ ಮೇಲೆ, ಅಥವಾ ಪಟ್ಟಿಗಳ ನಡುವೆ ಅಂಗೈ ಅಗಲದ ಸಂದಿರುವ ಹಳೆಯ ಮಂಚದ ಮೇಲೆ ಹಾಸಿದರೆ ಹಾಸಿಗೆ ಸಂದಿಗೆ ಇಳಿದು ಅದೇ ಆಕಾರದಲ್ಲಿ ಕೂರುತ್ತದೆ. ಪರಿಶೀಲನೆಗೆ ಬಂದವರು ಮೊದಲು ನೋಡುವುದು ಹಾಸಿಗೆಯ ಕೆಳಭಾಗವನ್ನೇ. ಪಟ್ಟಿಯ ಗುರುತು ಕಂಡರೆ ದೂರು ಅಲ್ಲಿಗೇ ಮುಗಿಯಿತು. ಎರಡನೆಯದು ಕಲೆ. ಮಗು ಒದ್ದೆ ಮಾಡಿದ, ಕಾಫಿ ಚೆಲ್ಲಿದ ಕಲೆಯಿದ್ದರೆ ಸ್ವಚ್ಛತೆಯ ಕಾರಣ ಕೊಟ್ಟು ಹಾಸಿಗೆಯನ್ನು ವಾಪಸ್ ತೆಗೆದುಕೊಳ್ಳದ ಷರತ್ತು ಹಲವು ಕಾರ್ಡುಗಳಲ್ಲಿದೆ. ಹೊದಿಕೆಯ ಬಟ್ಟೆ ಹರಿಯುವುದು, ಜಿಪ್ ಕೀಳುವುದು ಬಹುತೇಕ ವಾರಂಟಿಯಲ್ಲಿ ಬರುವುದಿಲ್ಲ. ಮೂಲ ಬಿಲ್ ಇಲ್ಲದಿದ್ದರೂ ಅಷ್ಟೇ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ‘ಹಾಸಿಗೆ ಹೊಂದುತ್ತಿಲ್ಲ, ತುಂಬ ಗಟ್ಟಿಯಾಯಿತು’ ಎಂಬುದು ದೋಷವಲ್ಲ, ಆದ್ದರಿಂದ ವಾರಂಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೆ ಬೇಕಾದದ್ದು ಟ್ರಯಲ್, ಅಂದರೆ ಮನೆಗೆ ಒಯ್ದು ಕೆಲವು ದಿನ ಮಲಗಿ ನೋಡಿ ಹಿಂದಿರುಗಿಸುವ ಅವಕಾಶ. ಟ್ರಯಲ್ ಕಾಯುವುದು ಆರಾಮವನ್ನು, ವಾರಂಟಿ ಕಾಯುವುದು ಬಾಳಿಕೆಯನ್ನು. ಅಂಗಡಿಯಲ್ಲಿ ಟ್ರಯಲ್ ಇಲ್ಲದಿದ್ದರೆ ‘ಬಳಸಿದ ಹಾಸಿಗೆ ಬದಲಿಸುವುದಿಲ್ಲ, ಕೊಳ್ಳುವ ಮೊದಲು ಅಂಗಡಿಯಲ್ಲಿ ಕನಿಷ್ಠ ಹತ್ತು ನಿಮಿಷ ಮಲಗಿ ನೋಡಿ’ ಎಂದು ಬರೆಯುವುದೇ ಸರಿಯಾದ ದಾರಿ. ಟ್ರಯಲ್ ಇದ್ದರೆ ಎಷ್ಟು ದಿನ, ವಾಪಸ್ ಸಾಗಿಸುವ ಖರ್ಚು ಯಾರದು, ಹಣ ಮರಳುತ್ತದೋ ಬೇರೆ ಹಾಸಿಗೆ ಸಿಗುತ್ತದೋ ಎಂಬುದನ್ನು ಬರೆಯಬೇಕು. ಸಾಗಣೆಯ ಮಾತು ವಾರಂಟಿಗೂ ಅನ್ವಯಿಸುತ್ತದೆ. 30 ಕಿಲೋ ಹಾಸಿಗೆಯನ್ನು ಹಳ್ಳಿಯಿಂದ ಪಟ್ಟಣದ ಅಂಗಡಿಗೆ ತರಲು ಗೂಡ್ಸ್ ಆಟೋ ಬಾಡಿಗೆ ಗ್ರಾಹಕರದ್ದೇ ಆದರೆ, ಉಚಿತ ಬದಲಾವಣೆ ಪೂರ್ತಿ ಉಚಿತವಲ್ಲ.

ಮಂಚ, ಸೋಫಾ, ಬೀರು

ಮರದ ಸಾಮಾನಿನಲ್ಲಿ ಗಮನಿಸಬೇಕಾದ ಪದ ‘ಫಿನಿಶ್’. ‘ಟೀಕ್ ಫಿನಿಶ್ ಮಂಚ’ ಎಂದರೆ ಸಾಗುವಾನಿ ಮಂಚವಲ್ಲ, ಸಾಗುವಾನಿಯ ಬಣ್ಣ ಬಳಿದ ಅಥವಾ ಅದರ ಚಿತ್ರವಿರುವ ಹಾಳೆ ಅಂಟಿಸಿದ ಮಂಚ. ಒಳಗಿರುವುದು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಇರಬಹುದು. ಮರದ ಪುಡಿ, ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಅಂಚಿಗೆ ನೀರು ತಗುಲಿದರೆ ಅದು ಉಬ್ಬುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಉಡುಪಿ, ಕಾರವಾರದ ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟ ಬೀರುವಿನ ತಳಭಾಗ ಮೊದಲು ಕೆಡುವುದು ಇದರಿಂದಲೇ. ಪ್ಲೈವುಡ್ ಆದರೆ ದರ್ಜೆಯನ್ನು ಬರೆಯಬಹುದು. ಭಾರತೀಯ ಮಾನಕದ ಪ್ರಕಾರ ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನದು, ಐಎಸ್ 710 ಹೆಚ್ಚು ನೀರು ತಾಳುವ ಮರೈನ್ ಪ್ಲೈವುಡ್‌ನದು. ಈ ಗುರುತು ಹಲಗೆಯ ಮೇಲೆಯೇ ಮುದ್ರಿತವಾಗಿರುತ್ತದೆ.

ಸೋಫಾದಲ್ಲಿ ವಾರಂಟಿ ಒಂದೇ ಆಗಿರುವುದು ಅಪರೂಪ. ಒಳಗಿನ ಚೌಕಟ್ಟಿಗೆ ಒಂದು ಅವಧಿ, ಕೂರುವ ಫೋಮಿಗೆ ಅದಕ್ಕಿಂತ ಕಡಿಮೆ, ಬಟ್ಟೆಗೆ ಇನ್ನೂ ಕಡಿಮೆ ಅಥವಾ ಏನೂ ಇಲ್ಲ. ‘ಸೋಫಾಕ್ಕೆ 5 ವರ್ಷ ವಾರಂಟಿ’ ಎಂದು ಬರೆದು ಅದು ಚೌಕಟ್ಟಿಗೆ ಮಾತ್ರವಾಗಿದ್ದರೆ, ಎರಡನೆಯ ವರ್ಷದಲ್ಲಿ ಸೀಟು ತಗ್ಗಿದಾಗ ಗ್ರಾಹಕರು ಮೋಸಹೋದೆವೆಂದುಕೊಳ್ಳುತ್ತಾರೆ. ಗೆದ್ದಲಿನ ವಿಷಯವನ್ನೂ ಒಂದು ಸಾಲಿನಲ್ಲಿ, ಸೇರಿದೆಯೋ ಇಲ್ಲವೋ ಎಂದು, ಬರೆಯುವುದು ನಮ್ಮ ಊರುಗಳಲ್ಲಿ ಅಗತ್ಯ.

ಬೆಲೆ, ಷರತ್ತು, ಕಾನೂನು

‘ಶೇ. 50ರವರೆಗೆ’ ಎಂಬಲ್ಲಿ ‘ವರೆಗೆ’ ಚಿಕ್ಕ ಅಕ್ಷರದಲ್ಲಿರುವುದು ವಾಡಿಕೆ. ಅಂಗಡಿಯ ಮೂಲೆಯ ಒಂದೆರಡು ಸಾಮಾನಿಗೆ ಶೇ. 50, ಉಳಿದ ಎಲ್ಲಕ್ಕೂ ಶೇ. 20 ಇದ್ದರೆ ಆ ಸಾಲು ಓದುಗರನ್ನು ದಾರಿ ತಪ್ಪಿಸುತ್ತದೆ. ಹಾಸಿಗೆಯ ಅಳತೆ, ಎಂಆರ್‌ಪಿ, ಸೇಲ್ ಬೆಲೆ ಮೂರನ್ನೂ ಅಕ್ಕಪಕ್ಕ ಬರೆದರೆ ಶೇಕಡಾವಾರಿನ ಗೊಡವೆಯೇ ಬೇಡ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸುಳ್ಳು ಖಾತರಿ ಕೊಡುವುದನ್ನೂ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದನ್ನೂ ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತದೆ. ತಕ್ಕ ಪರೀಕ್ಷೆಯಿಲ್ಲದೆ ವಸ್ತುವಿನ ಬಾಳಿಕೆಗೆ ವಾರಂಟಿ ಕೊಡುವುದು ಅದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಜಾಹೀರಾತನ್ನು ನಿಲ್ಲಿಸಲು ಆದೇಶಿಸಬಹುದು. ತಯಾರಕರಿಗೆ ಮೊದಲ ಬಾರಿಗೆ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು.

2022ರ ಜೂನ್‌ನಲ್ಲಿ ಪ್ರಕಟವಾದ ಮಾರ್ಗಸೂಚಿಗಳಲ್ಲಿ ಕನ್ನಡ ಕರಪತ್ರಗಳಿಗೆ ನೇರವಾಗಿ ತಟ್ಟುವ ಒಂದು ನಿಯಮವಿದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತು, ವಿವರಣೆಗಳೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ಶೈಲಿಯಲ್ಲಿ, ಎದ್ದು ಕಾಣುವಂತೆ ಇರಬೇಕು. ಮೇಲೆ ಕನ್ನಡದಲ್ಲಿ ‘10 ವರ್ಷ ವಾರಂಟಿ’ ಎಂದು ಬರೆದು, ಕೆಳಗೆ ಇಂಗ್ಲಿಷಿನ ಇರುವೆ ಅಕ್ಷರದಲ್ಲಿ ಷರತ್ತು ಹಾಕುವುದು ಈ ನಿಯಮಕ್ಕೆ ಒಪ್ಪುವುದಿಲ್ಲ. ಹೇಳಿದ ಬೆಲೆಗೆ ಸಾಮಾನು ಕೊಡುವ ಸಾಧ್ಯತೆಯೇ ಇಲ್ಲದೆ ಜನರನ್ನು ಅಂಗಡಿಗೆ ಸೆಳೆಯುವ ಜಾಹೀರಾತನ್ನೂ ಅದೇ ಮಾರ್ಗಸೂಚಿ ತಡೆಯುತ್ತದೆ. ದಾಸ್ತಾನು ಕಡಿಮೆಯಿದ್ದರೆ ಅದನ್ನು ಜಾಹೀರಾತಿನಲ್ಲೇ ಹೇಳಬೇಕು.

ತಿದ್ದಿ ಬರೆದ ಮಾತು

ಇಷ್ಟನ್ನೂ ಇಟ್ಟುಕೊಂಡು ಮೊದಲಿನ ಜಾಹೀರಾತನ್ನು ಮತ್ತೆ ಬರೆದರೆ ಹೀಗಾಗುತ್ತದೆ:

“ಮಧ್ಯಮ ಗಟ್ಟಿಯ ಕ್ವೀನ್ ಹಾಸಿಗೆ, 78 × 60 ಇಂಚು, ದಪ್ಪ 6 ಇಂಚು. ಕೆಳಗೆ 4 ಇಂಚು ರೀಬಾಂಡೆಡ್ ಫೋಮ್ (80 ಡೆನ್ಸಿಟಿ), ಮೇಲೆ 2 ಇಂಚು ಮೆತ್ತನೆ ಫೋಮ್ (32 ಡೆನ್ಸಿಟಿ). ತೂಕ ಸುಮಾರು 30 ಕಿಲೋ. ಅಂಗಾತ ಮಲಗುವವರಿಗೆ ಹೊಂದುತ್ತದೆ; ಪಕ್ಕಕ್ಕೆ ಮಲಗುವವರು ಅಂಗಡಿಯಲ್ಲಿ ಮಲಗಿ ನೋಡಿ ಆರಿಸಿಕೊಳ್ಳಿ. ಎಂಆರ್‌ಪಿ ₹24,000, ಸೇಲ್ ಬೆಲೆ ₹16,800, ತೆರಿಗೆ ಸೇರಿ. ದಾಸ್ತಾನು 20. ಭಾರವಿಲ್ಲದಾಗ 1 ಇಂಚಿಗಿಂತ ಹೆಚ್ಚು ಗುಂಡಿ ಬಿದ್ದರೆ ಅಥವಾ ಪದರ ಬಿಟ್ಟುಕೊಂಡರೆ 3 ವರ್ಷದವರೆಗೆ ಉಚಿತ ಬದಲಾವಣೆ, ಸಾಗಣೆ ನಮ್ಮದು. 4ರಿಂದ 10ನೇ ವರ್ಷದಲ್ಲಿ, ಮುಗಿದ ಪ್ರತಿ ವರ್ಷಕ್ಕೆ ಎಂಆರ್‌ಪಿಯ ಶೇ. 10ರಂತೆ ಗ್ರಾಹಕರ ಪಾಲು. ಸಮತಟ್ಟಾದ ಹಲಗೆಯ ಮಂಚ ಬೇಕು. ಕಲೆ, ಹರಿದ ಬಟ್ಟೆ, ಬಿಲ್ ಇಲ್ಲದ ಹಾಸಿಗೆಗೆ ವಾರಂಟಿ ಇಲ್ಲ.”

ಇದು ಮೊದಲಿನದಕ್ಕಿಂತ ಉದ್ದವಾಗಿದೆ, ಆದರೂ ಅಂಗೈಯಗಲದ ಫಲಕದಲ್ಲಿ ಹಿಡಿಸುತ್ತದೆ. ಇದರ ಪ್ರತಿಯೊಂದು ಸಾಲನ್ನೂ ಟೇಪು, ತಕ್ಕಡಿ, ಬಿಲ್ ಇಟ್ಟುಕೊಂಡು ನೋಡಬಹುದು. ಎಂಟನೆಯ ವರ್ಷದಿಂದ ವಾರಂಟಿಗೆ ಬೆಲೆಯಿಲ್ಲ ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಅದು ಬೇಡವೆನಿಸಿದರೆ ಅಂಗಡಿಯವರಿಗಿರುವ ದಾರಿ ಷರತ್ತನ್ನು ಮುಚ್ಚಿಡುವುದಲ್ಲ, ಪಾಲನ್ನು ಸೇಲ್ ಬೆಲೆಯ ಮೇಲೆ ಲೆಕ್ಕ ಹಾಕುವಂತೆ ಷರತ್ತನ್ನೇ ಬದಲಿಸುವುದು.

ಕೊಳ್ಳುವವರು ಮಾಡಬೇಕಾದದ್ದೂ ಇದೆ. ಫಲಕದಲ್ಲಿರುವ ಪದರ, ಡೆನ್ಸಿಟಿ ಮತ್ತು ವಾರಂಟಿಯ ಮಾತುಗಳನ್ನು ಬಿಲ್ಲಿನ ಮೇಲೂ ಬರೆಸಿಕೊಳ್ಳಬೇಕು. ಕರಪತ್ರವನ್ನು ಬಿಸಾಡದೆ ಬಿಲ್ ಮತ್ತು ವಾರಂಟಿ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು, ಬಿಲ್ಲಿನ ಶಾಯಿ ಮಾಸುವ ಮೊದಲೇ ಅದರ ಫೋಟೋ ತೆಗೆದಿಡಬೇಕು. ಅಂಗಡಿಯವರು ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.